ಈಕ್ವಿಟಿ, ಡೆಟ್, ಹೈಬ್ರಿಡ್: ಬ್ಯಾಂಕಿನ ಕರಪತ್ರದ ಮೂರನೇ ಕಾಲಮ್ಮನ್ನು ಓದುವುದು ಹೇಗೆ?

ಎಫ್‌ಡಿ ಮುಗಿಯುವ ವಾರ ಬ್ಯಾಂಕಿನಿಂದ ಫೋನ್ ಬರುತ್ತದೆ. ಹೋದರೆ ಕೌಂಟರಿನ ಪಕ್ಕದ ಮೇಜಿನಲ್ಲಿ ಕೂರಿಸಿ, ಒಂದು ಬಣ್ಣದ ಕರಪತ್ರ ಕೈಗಿಡುತ್ತಾರೆ. ನಮ್ಮ ಮುಂಬೈ ಕಡೆ ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಒಳಗೆ ಮ್ಯೂಚುವಲ್ ಫಂಡ್‌ಗಳ ಮೂರು ಕಾಲಮ್ಮಿನ ಕೋಷ್ಟಕ. ಈಕ್ವಿಟಿ ಫಂಡ್: ಅಪಾಯ ಜಾಸ್ತಿ, ಲಾಭ ಜಾಸ್ತಿ, ಐದು ವರ್ಷಕ್ಕಿಂತ ಮೇಲೆ. ಡೆಟ್ ಫಂಡ್: ಅಪಾಯ ಕಡಿಮೆ, ಲಾಭ ಕಡಿಮೆ, ಒಂದರಿಂದ ಮೂರು ವರ್ಷ. ಹೈಬ್ರಿಡ್ ಫಂಡ್: ಅಪಾಯ ಮಧ್ಯಮ, ಲಾಭ ಮಧ್ಯಮ, ಮೂರರಿಂದ ಐದು ವರ್ಷ.

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರು ಈ ಕೋಷ್ಟಕದ ಫೋಟೊ ಕಳಿಸಿ ಕೇಳುತ್ತಾರೆ, "ಮೂರರಲ್ಲಿ ಯಾವುದಕ್ಕೆ ಹಾಕಲಿ?" ಹೆಚ್ಚಿನವರ ಮನಸ್ಸು ಆಗಲೇ ಹೈಬ್ರಿಡ್ ಕಡೆ ವಾಲಿರುತ್ತದೆ. ಈಕ್ವಿಟಿ ಅಂದರೆ ಭಯ, ಡೆಟ್ ಅಂದರೆ ಎಫ್‌ಡಿಯ ಹಾಗೇ ಸಪ್ಪೆ, ನಡುವಿನದು ಕ್ಷೇಮ. ಹಾಗೆ ಅನ್ನಿಸುವುದು ಸಹಜ. ನಾನು ಬಹಳ ವರ್ಷ ಆ ಮೇಜಿನ ಆಚೆ ಬದಿಯಲ್ಲಿ ಕೂತು ಇದೇ ಥರದ ಕರಪತ್ರ ಹಂಚಿದವನು. ಹಾಗಾಗಿ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಈ ಕೋಷ್ಟಕದಲ್ಲಿ ಜನ ದಾರಿ ತಪ್ಪುವುದು ಈಕ್ವಿಟಿ ಕಾಲಮ್ಮಿನಲ್ಲಿ ಅಲ್ಲ, ಹೈಬ್ರಿಡ್ ಕಾಲಮ್ಮಿನಲ್ಲಿ. ಈಕ್ವಿಟಿಯಲ್ಲಿ ಅಪಾಯ ಇದೆ ಅಂತ ಎಲ್ಲರಿಗೂ ಗೊತ್ತು. ಹೈಬ್ರಿಡ್ ಅನ್ನುವ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಬಗೆಗಳು ಕೂತಿವೆ ಅನ್ನುವುದು ಗೊತ್ತಿರುವುದಿಲ್ಲ.

ಮೊದಲು ಮೂರು ಪ್ರಶ್ನೆ

ಯಾವ ಫಂಡ್ ಅನ್ನುವ ಮೊದಲು ಈ ದುಡ್ಡು ಯಾವುದಕ್ಕೆ ಅನ್ನುವುದು ಇತ್ಯರ್ಥ ಆಗಬೇಕು.

ಮೊದಲ ಪ್ರಶ್ನೆ, ದುಡ್ಡು ಯಾವಾಗ ಬೇಕು, ಮತ್ತು ಆ ದಿನವನ್ನು ಮುಂದಕ್ಕೆ ಹಾಕಲು ಆಗುತ್ತದೆಯಾ? ಕಾಲೇಜಿನ ಫೀಸು ಮುಂದಕ್ಕೆ ಹೋಗುವುದಿಲ್ಲ. ಹೊಸ ಕಾರು ಎರಡು ವರ್ಷ ಕಾಯಬಹುದು. ಕರಪತ್ರದಲ್ಲಿ "ಅವಧಿ" ಅನ್ನುವ ಸಾಲು ಮಾತ್ರ ಇರುತ್ತದೆ. ಅವಧಿ ಮುಗಿದ ದಿನ ಮಾರುಕಟ್ಟೆ ಕೆಳಗಿದ್ದರೆ ಕಾಯುವ ಅನುಕೂಲ ನಿಮಗಿದೆಯಾ ಅಂತ ಅದು ಕೇಳುವುದಿಲ್ಲ.

ಎರಡನೆಯದು, ನಡುವೆ ಎಷ್ಟು ಇಳಿದರೆ ನೀವು ತಡೆದುಕೊಳ್ಳುತ್ತೀರಿ? ಇದನ್ನು ಶೇಕಡಾದಲ್ಲಿ ಕೇಳಿದರೆ ಎಲ್ಲರೂ ಧೈರ್ಯವಂತರೇ. ರೂಪಾಯಿಯಲ್ಲಿ ಕೇಳಿಕೊಳ್ಳಿ. ನಾಲ್ಕು ಲಕ್ಷ ಹಾಕಿದ್ದು ಒಂದು ಬೆಳಿಗ್ಗೆ ಎರಡೂವರೆ ಲಕ್ಷ ತೋರಿಸಿದರೆ ಆ ದಿನವೇ ಬ್ಯಾಂಕಿಗೆ ಓಡುತ್ತೀರಾ?

ಮೂರನೆಯದು, ತೆರಿಗೆ ಮತ್ತು ಖರ್ಚು ಕಳೆದು ಕೈಗೆ ಎಷ್ಟು ಬರುತ್ತದೆ? ಇದು ಕೊನೆಯ ಪ್ರಶ್ನೆ ಆಗಬೇಕು. ಆದರೆ ಮೇಜಿನ ಆಚೆ ಬದಿಯಿಂದ ಮೊದಲು ಬರುವ ಮಾತು ಇದೇ, "ಸರ್, ಇದರಲ್ಲಿ ಟ್ಯಾಕ್ಸ್ ಉಳಿಯುತ್ತೆ."

ಈಕ್ವಿಟಿ: ಬೀಳುತ್ತದೆ, ಏಳಲು ಎಷ್ಟು ದಿನ ಅನ್ನುವುದೇ ಪ್ರಶ್ನೆ

ಈಕ್ವಿಟಿ ಫಂಡಿನ ದುಡ್ಡು ಹೋಗುವುದು ಕಂಪನಿಗಳ ಷೇರಿಗೆ. ಲಾರ್ಜ್ ಕ್ಯಾಪ್ ಅಂದರೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು, ಮಿಡ್ ಕ್ಯಾಪ್ ಅಂದರೆ 101ರಿಂದ 250, ಸ್ಮಾಲ್ ಕ್ಯಾಪ್ ಅಂದರೆ 251ರಿಂದ ಕೆಳಗಿನವು. ಈ ಗೆರೆ ಎಳೆದದ್ದು ಷೇರು ಪೇಟೆಯ ನಿಯಂತ್ರಕ ಸೆಬಿ, 2017ರಲ್ಲಿ. ಸಾಮಾನ್ಯ ಗ್ರಾಹಕರಿಗೆ ಇಷ್ಟು ಗೊತ್ತಿದ್ದರೆ ಸಾಕು: ಕೆಳಗೆ ಹೋದಷ್ಟೂ ಕುಲುಕಾಟ ಜಾಸ್ತಿ.

ಎಷ್ಟು ಕುಲುಕಾಟ? ದಲಾಲ್ ಸ್ಟ್ರೀಟಿನ ಎರಡು ಉದಾಹರಣೆ ನೋಡೋಣ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000ದ ಹತ್ತಿರ ಇತ್ತು. ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿಯಿತು. ಎರಡು ತಿಂಗಳಲ್ಲಿ ಸುಮಾರು ಶೇ. 38 ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ 42,000 ದಾಟಿತು. ಇನ್ನೊಂದು, 2008. ಆ ಜನವರಿಯಲ್ಲಿ 21,000 ಮುಟ್ಟಿದ್ದು 2009ರ ಮಾರ್ಚಿನಲ್ಲಿ ಸುಮಾರು 8,000ಕ್ಕೆ ಬಂತು. ಮತ್ತೆ 21,000 ನೋಡಿದ್ದು 2010ರ ದೀಪಾವಳಿ ಹೊತ್ತಿಗೆ. ಹೆಚ್ಚುಕಡಿಮೆ ಮೂರು ವರ್ಷ.

2020ರಲ್ಲಿ ಹತ್ತು ತಿಂಗಳು ಕಾಯಬೇಕಾಯಿತು, 2008ರಲ್ಲಿ ಮೂರು ವರ್ಷ. ಮುಂದಿನ ಸಲ ಯಾವುದರ ಹಾಗೆ ಅಂತ ಯಾರೂ ಹೇಳಲಾರರು. ಅದಕ್ಕೇ ಏಳೆಂಟು ವರ್ಷ ಮುಟ್ಟುವುದಿಲ್ಲ ಅನ್ನುವ ದುಡ್ಡಿಗೆ ಮಾತ್ರ ಈಕ್ವಿಟಿ ಅಂತ ನಾನು ಹೇಳುವುದು. ಕರಪತ್ರದ "ಐದು ವರ್ಷಕ್ಕಿಂತ ಮೇಲೆ" ನನಗೆ ಸ್ವಲ್ಪ ಕಡಿಮೆಯಾಯಿತು ಅನ್ನಿಸುತ್ತದೆ.

ಹಿಂದಿನ ಲಾಭದ ಸಾಲು ಇದ್ದರೆ ತಾರೀಖು ನೋಡಿ. ಲೆಕ್ಕ ಶುರುವಾಗುವುದು 2020ರ ಮಾರ್ಚಿನಿಂದ ಅಂತಾದರೆ ಯಾವ ಈಕ್ವಿಟಿ ಫಂಡೂ ಬಂಗಾರದ ಹಾಗೆ ಕಾಣುತ್ತದೆ. ಅದೇ ಫಂಡನ್ನು 2020ರ ಜನವರಿಯಿಂದ ಅಳೆದರೆ ಚಿತ್ರ ಬೇರೆ.

ಡೆಟ್: ಎಫ್‌ಡಿ ಅಲ್ಲ, ಆದರೆ ಹೆದರಬೇಕಾದ್ದೂ ಅಲ್ಲ

ಡೆಟ್ ಫಂಡ್ ನಿಮ್ಮ ದುಡ್ಡನ್ನು ಸರ್ಕಾರಕ್ಕೆ, ಬ್ಯಾಂಕುಗಳಿಗೆ, ಕಂಪನಿಗಳಿಗೆ ಸಾಲವಾಗಿ ಕೊಡುತ್ತದೆ. ಇಲ್ಲಿ ಎರಡು ಅಪಾಯ ಇದೆ. ಕರಪತ್ರದ "ಅಪಾಯ ಕಡಿಮೆ" ಅನ್ನುವ ಎರಡು ಪದದೊಳಗೆ ಎರಡೂ ಅಡಗಿಹೋಗಿವೆ.

ಒಂದು ಬಡ್ಡಿದರದ್ದು. ಮಾರುಕಟ್ಟೆಯಲ್ಲಿ ಬಡ್ಡಿ ಏರಿದರೆ ಕಡಿಮೆ ಬಡ್ಡಿಯ ಹಳೆ ಬಾಂಡಿಗೆ ಬೆಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಫಂಡ್ ಕಂಪನಿ ತಿಂಗಳು ತಿಂಗಳು ಹಾಕುವ ವಿವರದ ಕಾಗದ, ಫ್ಯಾಕ್ಟ್‌ಶೀಟಿನಲ್ಲಿ "ಮಾಡಿಫೈಡ್ ಡ್ಯೂರೇಶನ್" ಅಂತ ಒಂದು ಸಂಖ್ಯೆ ಇರುತ್ತದೆ. ಅದು 7 ಇದ್ದರೆ, ಬಡ್ಡಿದರ ಶೇ. 1 ಏರಿದಾಗ ಫಂಡಿನ ಬೆಲೆ ಸುಮಾರು ಶೇ. 7 ಇಳಿಯುತ್ತದೆ. 2 ಇದ್ದರೆ ಶೇ. 2. ಲಿಕ್ವಿಡ್ ಫಂಡ್‌ಗಳು 91 ದಿನದೊಳಗೆ ತೀರುವ ಸಾಲಪತ್ರಗಳನ್ನು ಮಾತ್ರ ಕೊಳ್ಳುವುದರಿಂದ ಅಲ್ಲಿ ಈ ಏಟು ಗೊತ್ತೇ ಆಗುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಬಡ್ಡಿದರ ಅನ್ನುವುದು ಹೀಗೆ ನಿಜವಾಗಿಯೂ ಏರುತ್ತದೆ.

ಇನ್ನೊಂದು, ಸಾಲ ತೆಗೆದುಕೊಂಡ ಕಂಪನಿ ಹಿಂದಿರುಗಿಸದೆ ಹೋಗುವುದು. ಜಾಸ್ತಿ ಬಡ್ಡಿಯ ಆಸೆಗೆ ಕಡಿಮೆ ರೇಟಿಂಗಿನ ಕಂಪನಿಗಳಿಗೆ ಕೊಡುವ ಫಂಡ್‌ಗಳೂ ಇವೆ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಸ್ಕೀಮುಗಳನ್ನು ಮುಚ್ಚುವುದಾಗಿ ಹೇಳಿತು. ದುಡ್ಡು ಹಾಕಿದವರಿಗೆ ಬೇಕಾದಾಗ ತೆಗೆಯಲು ಆಗಲಿಲ್ಲ. ಮುಂದೆ ಕಂತು ಕಂತಾಗಿ ಬಂತು. ಬೇಕಾದ ದಿನ ಕೈಗೆ ಸಿಗದಿರುವುದು ಕೂಡ ನಷ್ಟವೇ, ಅಲ್ವಾ?

ಈ ಎರಡನ್ನೂ ಒಟ್ಟಿಗೆ ತಿಳಿಯಲು ಒಂದು ಸುಲಭದ ದಾರಿ ಇದೆ. ಯಾಕೋ ಕರಪತ್ರಗಳು ಇದನ್ನು ಹೇಳುವುದೇ ಇಲ್ಲ. 2021ರ ಡಿಸೆಂಬರಿನಿಂದ ಪ್ರತಿ ಡೆಟ್ ಫಂಡೂ ಒಂಬತ್ತು ಚೌಕದ ಒಂದು ಮನೆ ಹಾಕಿ, ತಾನು ಯಾವ ಚೌಕದಲ್ಲಿದ್ದೇನೆ ಅಂತ ತೋರಿಸಲೇಬೇಕು. ಅಕ್ಷರ A, B, C ಅಂತ ಹೋದ ಹಾಗೆ ಸಾಲ ಮುಳುಗುವ ಅಪಾಯ ಏರುತ್ತದೆ. ಅಂಕಿ I, II, III ಅಂತ ಹೋದ ಹಾಗೆ ಬಡ್ಡಿದರದ ಅಪಾಯ ಏರುತ್ತದೆ. A-I ಎಲ್ಲಕ್ಕಿಂತ ಶಾಂತ, C-III ಎಲ್ಲಕ್ಕಿಂತ ಒರಟು. ಎಫ್‌ಡಿಯ ಬದಲಿಗೆ ಅಂತ ಯೋಚಿಸುವವರು C ಅಕ್ಷರ ಕಂಡರೆ ಅಲ್ಲಿಗೇ ಬಿಡಿ. ಮೂರು ವರ್ಷದೊಳಗಿನ ದುಡ್ಡಾದರೆ III ಕೂಡ ಬೇಡ.

ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಫಂಡಿಗೆ ಅದಿಲ್ಲ. ಬ್ಯಾಂಕಿನ ಮೇಜಿನಲ್ಲೇ ಸಹಿ ಹಾಕಿದರೂ ಅದು ಬ್ಯಾಂಕಿನ ಠೇವಣಿ ಆಗುವುದಿಲ್ಲ. ಬ್ಯಾಂಕು ಇಲ್ಲಿ ಮಾರುವವರು ಮಾತ್ರ.

ಹೈಬ್ರಿಡ್: ಒಂದೇ ಬೋರ್ಡು, ಒಳಗೆ ಬೇರೆ ಬೇರೆ ಅಂಗಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹೈಬ್ರಿಡ್ ಅಂದರೆ ಷೇರೂ ಇದೆ, ಸಾಲಪತ್ರವೂ ಇದೆ. ಯಾವುದು ಎಷ್ಟು ಅನ್ನುವುದರಲ್ಲೇ ಎಲ್ಲ ಇರುವುದು. 2017ರ ಸೆಬಿ ನಿಯಮದ ಪ್ರಕಾರ ಕನ್ಸರ್ವೇಟಿವ್ ಹೈಬ್ರಿಡ್‌ನಲ್ಲಿ ಷೇರು ಶೇ. 10ರಿಂದ 25. ಬ್ಯಾಲೆನ್ಸ್ಡ್ ಹೈಬ್ರಿಡ್‌ನಲ್ಲಿ 40ರಿಂದ 60. ಅಗ್ರೆಸಿವ್ ಹೈಬ್ರಿಡ್‌ನಲ್ಲಿ 65ರಿಂದ 80. ಹತ್ತೂ ಹೈಬ್ರಿಡ್, ಎಂಬತ್ತೂ ಹೈಬ್ರಿಡ್! ಇವಕ್ಕೆಲ್ಲ ಸೇರಿಸಿ ಕೋಷ್ಟಕದಲ್ಲಿ ಒಂದೇ ಉತ್ತರ, "ಮಧ್ಯಮ".

2020ರ ಹಾಗೆ ಷೇರು ಪೇಟೆ ಶೇ. 38 ಬಿದ್ದರೆ ನಿಮ್ಮ 1 ಲಕ್ಷ ಎಷ್ಟಾಗುತ್ತದೆ ಅಂತ ನಾನು ಲೆಕ್ಕ ಹಾಕಿ ಕೆಳಗೆ ಕೊಟ್ಟಿದ್ದೇನೆ. ಸಾಲಪತ್ರದ ಪಾಲು ಇದ್ದ ಹಾಗೇ ಇತ್ತು ಅಂತ ಇಟ್ಟುಕೊಂಡಿದ್ದೇನೆ. ಕರಪತ್ರದಲ್ಲಿ ಇರಬೇಕಾಗಿದ್ದ ಕೋಷ್ಟಕ ನನ್ನ ಪ್ರಕಾರ ಇದು.

| ಬಗೆ | ಲೆಕ್ಕಕ್ಕೆ ಹಿಡಿದ ಷೇರಿನ ಪಾಲು | 1 ಲಕ್ಷ ಎಷ್ಟಾಗುತ್ತದೆ | ಲಾಭಕ್ಕೆ ತೆರಿಗೆ |
|---|---|---|---|
| ಈಕ್ವಿಟಿ | ಶೇ. 100 | ₹62,000 | ವರ್ಷ ದಾಟಿದರೆ ಶೇ. 12.5, ಮೊದಲ 1.25 ಲಕ್ಷಕ್ಕೆ ಇಲ್ಲ |
| ಅಗ್ರೆಸಿವ್ ಹೈಬ್ರಿಡ್ | ಶೇ. 70 | ₹73,400 | ಈಕ್ವಿಟಿಯ ಹಾಗೇ |
| ಬ್ಯಾಲೆನ್ಸ್ಡ್ ಹೈಬ್ರಿಡ್ | ಶೇ. 50 | ₹81,000 | ಎರಡು ವರ್ಷ ದಾಟಿದರೆ ಶೇ. 12.5, ವಿನಾಯಿತಿ ಇಲ್ಲ |
| ಕನ್ಸರ್ವೇಟಿವ್ ಹೈಬ್ರಿಡ್ | ಶೇ. 20 | ₹92,400 | ಡೆಟ್‌ನ ಹಾಗೇ |
| ಅಲ್ಪಾವಧಿ ಡೆಟ್ | ಇಲ್ಲ | ಷೇರಿನಿಂದ ಏಟಿಲ್ಲ | ನಿಮ್ಮ ಆದಾಯದ ಸ್ಲ್ಯಾಬಿನಂತೆ |

ಅಗ್ರೆಸಿವ್ ಹೈಬ್ರಿಡ್ ಸಾಲನ್ನು ಇನ್ನೊಮ್ಮೆ ನೋಡಿ. ಮೇಲಿನ ಈಕ್ವಿಟಿಗೂ ಅದಕ್ಕೂ ಅಂತರ 11,400 ರೂಪಾಯಿ. ಕೆಳಗಿನ ಕನ್ಸರ್ವೇಟಿವ್‌ಗೂ ಅದಕ್ಕೂ ಅಂತರ 19,000. ಅಂದರೆ ಹೆಸರು ಹೈಬ್ರಿಡ್ ಆದರೂ ಅದು ಈಕ್ವಿಟಿಯ ಒಡಹುಟ್ಟು. ಫಂಡಿನ ಕಾಗದದ ಮೇಲೆ ಮುಳ್ಳಿರುವ ಒಂದು ಮೀಟರ್ ಇರುತ್ತದಲ್ಲ, ರಿಸ್ಕೋಮೀಟರ್, ಅದರಲ್ಲಿ ಆರು ಹಂತ ಇದೆ. ಅಗ್ರೆಸಿವ್ ಹೈಬ್ರಿಡ್‌ಗಳ ಮುಳ್ಳು ಸಾಮಾನ್ಯವಾಗಿ ನಿಂತಿರುವುದು ಕೊನೆಯ ಹಂತದಲ್ಲಿ, "ಅತಿ ಹೆಚ್ಚು" ಅನ್ನುವಲ್ಲಿ. ಕರಪತ್ರ ಮಧ್ಯಮ ಅನ್ನುತ್ತದೆ, ಅದೇ ಫಂಡಿನ ಮೀಟರು ಅತಿ ಹೆಚ್ಚು ಅನ್ನುತ್ತದೆ. ಎರಡರಲ್ಲಿ ಮೀಟರನ್ನು ನಂಬಿ. ಅದು ಆ ಸ್ಕೀಮಿನದ್ದೇ, ಪ್ರತಿ ತಿಂಗಳು ನೋಡಿ ಹಾಕಿದ್ದು.

ಕನ್ಸರ್ವೇಟಿವ್ ಹೈಬ್ರಿಡ್ ನಿಜವಾಗಿಯೂ ಮೆದು. ಹಿಂದೆ ಇದನ್ನೇ ಎಂಐಪಿ, ಮಂತ್ಲಿ ಇನ್‌ಕಮ್ ಪ್ಲಾನ್ ಅಂತ ಮಾರುತ್ತಿದ್ದರು. ನಿವೃತ್ತರಾದ ಹಲವರಿಗೆ ನೆನಪಿರಬಹುದು. ತಿಂಗಳು ತಿಂಗಳು ದುಡ್ಡು ಬರುತ್ತದೆ ಅನ್ನುವ ಖಾತ್ರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದರಲ್ಲಿ ಒಂದು ಎಚ್ಚರ ಬೇಕು. ಮುಕ್ಕಾಲು ಪಾಲಿಗಿಂತ ಜಾಸ್ತಿ ಸಾಲಪತ್ರವೇ ಇರುವುದರಿಂದ, ಆ ಸಾಲಪತ್ರಗಳ ಗುಣವೇ ಫಂಡಿನ ಗುಣ. ರೇಟಿಂಗ್ ಯಾವುದು, ಡ್ಯೂರೇಶನ್ ಎಷ್ಟು ಅಂತ ಡೆಟ್ ಫಂಡಿಗೆ ಕೇಳುವ ಹಾಗೆ ಇಲ್ಲೂ ಕೇಳಬೇಕು.

ಬ್ಯಾಲೆನ್ಸ್ಡ್ ಹೈಬ್ರಿಡ್‌ಗಳು ಬಹಳ ಕಡಿಮೆ. ಒಂದು ಫಂಡ್ ಕಂಪನಿ ಬ್ಯಾಲೆನ್ಸ್ಡ್ ಅಥವಾ ಅಗ್ರೆಸಿವ್, ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಅಂತ 2017ರ ನಿಯಮ ಹೇಳಿತು. ಹೆಚ್ಚಿನವರು ಅಗ್ರೆಸಿವ್ ಆರಿಸಿಕೊಂಡರು.

ಬ್ಯಾಂಕಿನ ಮೇಜಿನಲ್ಲಿ ಜಾಸ್ತಿ ಕೇಳಿಬರುವ ಹೆಸರು ಬೇರೆಯದು: ಬ್ಯಾಲೆನ್ಸ್ಡ್ ಅಡ್ವಾಂಟೇಜ್. ಹೆಸರು ಹತ್ತಿರ ಇದೆ ಅಂತ ಬ್ಯಾಲೆನ್ಸ್ಡ್ ಹೈಬ್ರಿಡ್ ಅಂದುಕೊಳ್ಳಬೇಡಿ. ಇದರಲ್ಲಿ ಷೇರು ಎಷ್ಟಿರಬೇಕು ಅಂತ ಮಿತಿಯೇ ಇಲ್ಲ. ಮಾರುಕಟ್ಟೆ ನೋಡಿ ಫಂಡ್ ಮ್ಯಾನೇಜರು ಏರಿಸುತ್ತಾರೆ, ಇಳಿಸುತ್ತಾರೆ. ಫ್ಯಾಕ್ಟ್‌ಶೀಟಿನಲ್ಲಿ ಷೇರು ಶೇ. 66 ಅಂತ ಕಾಣಬಹುದು. ಅಷ್ಟೂ ಏಟು ತಿನ್ನುವ ಷೇರಲ್ಲ. ಒಂದು ಪಾಲನ್ನು ಕೊಂಡ ಕ್ಷಣವೇ, ಮುಂದಿನ ತಾರೀಖಿನ ಬೆಲೆಯನ್ನು ಈಗಲೇ ಗೊತ್ತುಮಾಡುವ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಮಾರಿಟ್ಟಿರುತ್ತಾರೆ. ಷೇರು ಇಳಿದರೆ ಅಲ್ಲಿ ಹೋದದ್ದು ಇಲ್ಲಿ ಬರುತ್ತದೆ. ಹೀಗೆ ಕಟ್ಟಿಹಾಕಿದ ಪಾಲು ತೆರಿಗೆ ಲೆಕ್ಕಕ್ಕೆ ಷೇರು, ಅಪಾಯದ ಲೆಕ್ಕಕ್ಕೆ ಅಲ್ಲ. ಒಟ್ಟು ಷೇರು ಶೇ. 65ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಂಡರೆ ಈಕ್ವಿಟಿಯ ತೆರಿಗೆ ಸಿಗುತ್ತದೆ. ಅದಕ್ಕೆ ಈ ಏರ್ಪಾಟು. ಇದರಲ್ಲಿ ಮೋಸ ಏನೂ ಇಲ್ಲ, ನಿಯಮದೊಳಗೇ ಇದೆ. ಆದರೆ ನಿಮಗೆ ಬೇಕಾದ ಸಂಖ್ಯೆ "ನೆಟ್ ಈಕ್ವಿಟಿ", ಅಂದರೆ ಹೀಗೆ ಕಟ್ಟಿಹಾಕದೆ ಉಳಿದ ಷೇರಿನ ಪಾಲು. ಒಂದು ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ನಲ್ಲಿ ಅದು 35 ಇರಬಹುದು, ಇನ್ನೊಂದರಲ್ಲಿ 65 ಇರಬಹುದು. ಮೇಲಿನ ಕೋಷ್ಟಕದಲ್ಲಿ ಒಂದು ಕೆಳಗಿನ ಸಾಲುಗಳ ಹತ್ತಿರ ಕೂರುತ್ತದೆ, ಇನ್ನೊಂದು ಮೇಲಿನ ಸಾಲುಗಳ ಹತ್ತಿರ. ಕಳೆದ ಒಂದು ವರ್ಷದ ನೆಟ್ ಈಕ್ವಿಟಿ ಎಷ್ಟೆಷ್ಟಿತ್ತು ಅಂತ ಕೇಳಿ. ಮಾರುವವರಿಗೆ ಆ ಸಂಖ್ಯೆ ತೆಗೆದು ತೋರಿಸಲು ಆಗದಿದ್ದರೆ ಸಹಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ತೆರಿಗೆ ಉಳಿಯುತ್ತೆ ಅನ್ನುವ ಮಾತು

ಡೆಟ್ ಬೇಡ, ಹೈಬ್ರಿಡ್ ತಗೊಳ್ಳಿ ಅನ್ನುವುದಕ್ಕೆ ಕೊಡುವ ದೊಡ್ಡ ಕಾರಣ ತೆರಿಗೆ. 2023ರ ಏಪ್ರಿಲ್ 1ರ ಮೇಲೆ ಕೊಂಡ ಡೆಟ್ ಫಂಡಿನ ಲಾಭ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯಕ್ಕೇ ಸೇರಿ, ಸ್ಲ್ಯಾಬಿನಂತೆ ತೆರಿಗೆ ಬೀಳುತ್ತದೆ. ಷೇರು ಶೇ. 65 ಮುಟ್ಟಿದ ಫಂಡಿಗೆ 2024ರ ಜುಲೈ 23ರಿಂದ ಬೇರೆ ದರ: ಒಂದು ವರ್ಷ ದಾಟಿದರೆ ಶೇ. 12.5, ಅದೂ ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ. ವರ್ಷದೊಳಗೆ ತೆಗೆದರೆ ಶೇ. 20. ಶೇ. 30ರ ಸ್ಲ್ಯಾಬಿನಲ್ಲಿರುವ ಐಟಿ ಕಂಪನಿಯವರಿಗೆ ಇದು ದೊಡ್ಡ ವ್ಯತ್ಯಾಸವೇ.

ಆದರೆ ಬ್ಯಾಂಕಿನ ಸಾಮಾನ್ಯ ಗ್ರಾಹಕರಲ್ಲಿ ಎಷ್ಟು ಜನ ಆ ಸ್ಲ್ಯಾಬಿನಲ್ಲಿದ್ದಾರೆ? 2025-26ರ ಲೆಕ್ಕದ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಡೆಟ್ ಫಂಡಿನ ಲಾಭ ಮಾಮೂಲಿ ಆದಾಯಕ್ಕೆ ಸೇರುವುದರಿಂದ, ಅದನ್ನೂ ಕೂಡಿಸಿ 12 ಲಕ್ಷದೊಳಗೇ ಇದ್ದರೆ ಅದಕ್ಕೂ ತೆರಿಗೆ ಇಲ್ಲ. ಆದರೆ ಶೇ. 12.5ರ ಲಾಭ ವಿಶೇಷ ದರದ್ದು, ಅದಕ್ಕೆ ಆ ರಿಬೇಟ್ ಸಿಗುವುದಿಲ್ಲ. ಒಬ್ಬರ ಆದಾಯ 9 ಲಕ್ಷ, ಫಂಡಿನಲ್ಲಿ 60,000 ಲಾಭ ಬಂತು ಅನ್ನೋಣ. ಡೆಟ್ ಆದರೆ ತೆರಿಗೆ ಇಲ್ಲ. ಅಗ್ರೆಸಿವ್ ಹೈಬ್ರಿಡ್ ಆದರೂ ಇಲ್ಲ, 1.25 ಲಕ್ಷದೊಳಗಿದೆ. ಎರಡು ವರ್ಷ ದಾಟಿದ ಬ್ಯಾಲೆನ್ಸ್ಡ್ ಹೈಬ್ರಿಡ್ ಆದರೆ 7,500 ರೂಪಾಯಿ ಕಟ್ಟಬೇಕು, ಸೆಸ್ ಬೇರೆ. ಉಳಿಸುತ್ತೆ ಅಂತ ಹೇಳಿದ ನಡುವಿನದ್ದೇ ಇಲ್ಲಿ ದುಬಾರಿ! ಹಳೆ ಪದ್ಧತಿಯಲ್ಲಿ ಇರುವವರ ಲೆಕ್ಕ ಬೇರೆ ಆಗುತ್ತದೆ. ನಿಮ್ಮ ರಿಟರ್ನ್ ತುಂಬುವವರನ್ನು ಒಂದು ಮಾತು ಕೇಳಿಕೊಳ್ಳಿ.

ಹತ್ತು ಲಕ್ಷ, ಮೂರು ಕೆಲಸ

ಡೊಂಬಿವಲಿಯ ಒಂದು ಜೋಡಿಯ ಲೆಕ್ಕ ಹೇಳುತ್ತೇನೆ. ಕುಂದಾಪುರ ಕಡೆಯವರು. ಗಂಡ ಹೋಟೆಲಿನಲ್ಲಿ ಮ್ಯಾನೇಜರ್, ಹೆಂಡತಿ ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ. 10 ಲಕ್ಷದ ಎಫ್‌ಡಿ ಮುಗಿದಿತ್ತು. ಬ್ಯಾಂಕಿನವರು ಪೂರ್ತಿ ದುಡ್ಡಿಗೆ ಒಂದು ಅಗ್ರೆಸಿವ್ ಹೈಬ್ರಿಡ್ ಸೂಚಿಸಿದ್ದರು. ಕರಪತ್ರದಲ್ಲಿ "ಮಧ್ಯಮ" ಅನ್ನುವುದರ ಮೇಲೆ ಪೆನ್ನಿನಿಂದ ಸುತ್ತು ಹಾಕಿ ಕೊಟ್ಟಿದ್ದರು.

ಕೇಳುತ್ತಾ ಹೋದಾಗ ದುಡ್ಡು ಮೂರು ಪಾಲಾಯಿತು. ಮೂರು ಲಕ್ಷ ಎಂಟು ತಿಂಗಳ ನಂತರ ಮಗಳ ಕಾಲೇಜಿಗೆ. ಮೂರು ಲಕ್ಷ ನಾಲ್ಕು ವರ್ಷದ ನಂತರ ಊರಿನ ಮನೆಯ ಮಾಡು ರಿಪೇರಿಗೆ. ನಾಲ್ಕು ಲಕ್ಷ ತಮ್ಮ ಮುಪ್ಪಿಗೆ, ಹದಿನಾಲ್ಕು ವರ್ಷ ಮುಟ್ಟುವುದಿಲ್ಲ.

ಕಾಲೇಜಿನ ಮೂರು ಲಕ್ಷಕ್ಕೆ ಚರ್ಚೆಯೇ ಬೇಡ. ಎಂಟು ತಿಂಗಳಿಗೆ ಎಫ್‌ಡಿ ಸಾಕು, ಇಲ್ಲವಾದರೆ A-I ಚೌಕದ ಲಿಕ್ವಿಡ್ ಫಂಡ್. ಸೀಟು ಯಾವ ದಿನ ಸಿಗುತ್ತದೋ ಗೊತ್ತಿಲ್ಲ, ಎಫ್‌ಡಿ ಮುರಿದರೆ ಬಡ್ಡಿ ಕಡಿತ ಆಗುತ್ತದೆ ಅನ್ನುವ ಕಾರಣಕ್ಕೆ ಅವರು ಲಿಕ್ವಿಡ್ ಆರಿಸಿದರು. ಅಲ್ಲಿ ಏಳು ದಿನ ದಾಟಿದ ಮೇಲೆ ತೆಗೆದರೆ ಕಡಿತ ಇಲ್ಲ, ಸಾಮಾನ್ಯವಾಗಿ ಮರುದಿನದ ಕೆಲಸದ ಹೊತ್ತಿಗೆ ಖಾತೆಗೆ ಬರುತ್ತದೆ.

ಮಾಡಿನ ಮೂರು ಲಕ್ಷವೇ ಕಷ್ಟದ್ದು. ಕರಪತ್ರದ ಪ್ರಕಾರ ನಾಲ್ಕು ವರ್ಷ ಅಂದರೆ ಸರಿಯಾಗಿ ಹೈಬ್ರಿಡ್ ಕಾಲಮ್ಮು. ರೂಪಾಯಿಯಲ್ಲಿ ನೋಡಿದೆವು. ಮಾಡಿನ ಕೆಲಸ ಶುರುವಾಗುವ ವರ್ಷ 2020ರಂಥ ಮಾರ್ಚ್ ಬಂದರೆ, ಅದುವರೆಗೆ ಏನೂ ಬೆಳೆದಿಲ್ಲ ಅಂತ ಇಟ್ಟುಕೊಂಡರೆ, ಅಗ್ರೆಸಿವ್ ಹೈಬ್ರಿಡ್‌ನಲ್ಲಿ ಸುಮಾರು 80,000 ಕಡಿಮೆ. ಕೈಗೆ 2,20,000. ಕನ್ಸರ್ವೇಟಿವ್‌ನಲ್ಲಿ ಸುಮಾರು 23,000 ಕಡಿಮೆ. ರಿಪೇರಿಯನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಬಹುದಾ ಅಂತ ಕೇಳಿದೆ.

"ಮಾಡು ಈಗಲೇ ಸೋರುತ್ತದೆ ಮಾರಾಯ್ರೆ. ಅತ್ತೆ ಒಬ್ಬರೇ ಇರುವುದಲ್ಲಿ. ನಾಲ್ಕು ಮಳೆಗಾಲ ಟಾರ್ಪಾಲು ಹಾಕಿ ಕಳೆಯುವುದೇ ದೊಡ್ಡದು. ಮತ್ತೆ ಎರಡು ಮಳೆಗಾಲ ಕಾಯಿ ಅಂತ ಅವರಿಗೆ ಹೇಗೆ ಹೇಳುವುದು?" ಅಂದರು ಆಕೆ.

ಅಲ್ಲಿಗೆ ತೀರ್ಮಾನ ಆಯಿತು. ಮುಂದಕ್ಕೆ ಹೋಗದ ಕೆಲಸಕ್ಕೆ ಅಗ್ರೆಸಿವ್ ಹೈಬ್ರಿಡ್ ಬೇಡ. ಒಳ್ಳೆ ರೇಟಿಂಗಿನ ಶಾರ್ಟ್ ಡ್ಯೂರೇಶನ್ ಡೆಟ್ ಫಂಡ್, ಚೌಕ A-II ಅಥವಾ B-II ದಾಟದ್ದು. ಆದಾಯ ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗೇ ಇರುವುದರಿಂದ ತೆರಿಗೆಯ ಆಮಿಷವೂ ಇವರಿಗೆ ಲಾಗೂ ಇಲ್ಲ. ಮಾಡಿನ ಕೆಲಸ ಕಾಯುವಂತಿದ್ದರೆ ಕನ್ಸರ್ವೇಟಿವ್ ಹೈಬ್ರಿಡ್ ಅನ್ನುತ್ತಿದ್ದೆ. ಕಾಯಬಲ್ಲವರಿಗೆ ಆ ಶೇ. 20ರ ಷೇರು ಸ್ವಲ್ಪ ಜಾಸ್ತಿ ತಂದುಕೊಡುವ ಸಾಧ್ಯತೆ ಇದೆ.

ಮುಪ್ಪಿನ ನಾಲ್ಕು ಲಕ್ಷಕ್ಕೆ ಹದಿನಾಲ್ಕು ವರ್ಷ ಇದೆ. ಇಲ್ಲಿ ಗಂಡ ಹೆಂಡತಿ ಮಾತು ಸೇರಲಿಲ್ಲ. ಶುದ್ಧ ಈಕ್ವಿಟಿಯಾದರೆ ಒಂದು ಕೆಟ್ಟ ವರ್ಷದಲ್ಲಿ ನಾಲ್ಕು ಲಕ್ಷ 2,48,000 ಆಗಬಹುದು. ಅಗ್ರೆಸಿವ್ ಹೈಬ್ರಿಡ್‌ನಲ್ಲಿ 2,93,600. ಹೆಂಡತಿ ಈಕ್ವಿಟಿಗೆ ತಯಾರಿದ್ದರು. ಗಂಡ ಪ್ರಾಮಾಣಿಕವಾಗಿ ಹೇಳಿದರು, ಅಷ್ಟು ಕಡಿಮೆಯಾದರೆ ನಾನು ತೆಗೆದುಬಿಡುತ್ತೇನೆ ಅಂತ. ಬಿದ್ದಾಗ ತೆಗೆಯುವವರಿಗೆ ಈಕ್ವಿಟಿಯಿಂದ ಲಾಭ ಆಗುವುದಿಲ್ಲ. ಹಾಗಾಗಿ ಈ ಪಾಲಿಗೆ ಅಗ್ರೆಸಿವ್ ಹೈಬ್ರಿಡ್ ಸರಿ ಅಂದೆ. ಬ್ಯಾಂಕಿನವರು ಹೇಳಿದ ಅದೇ ಬಗೆ, ಆದರೆ ಹತ್ತು ಲಕ್ಷಕ್ಕಲ್ಲ, ನಾಲ್ಕಕ್ಕೆ. ಒಂದೇ ಸಲ ಹಾಕುವ ಬದಲು ಲಿಕ್ವಿಡ್ ಫಂಡಿನಲ್ಲಿಟ್ಟು ತಿಂಗಳು ತಿಂಗಳು ವರ್ಗಾಯಿಸುವ ಎಸ್‌ಟಿಪಿ ಹಾಕಿಕೊಂಡರು. ಅದರಿಂದ ಲಾಭ ಏರುತ್ತದೆ ಅಂತಲ್ಲ. ಹಾಕಿದ ಮರುವಾರವೇ ಮಾರುಕಟ್ಟೆ ಬಿದ್ದರೆ ಗಂಡನಿಗೆ ನಿದ್ದೆ ಹಾಳಾಗಬಾರದು ಅಂತ.

ಸಹಿ ಹಾಕುವ ಮೊದಲು

ಬ್ಯಾಂಕು ಮಾರುವುದು ರೆಗ್ಯುಲರ್ ಪ್ಲಾನ್. ಅದರ ಖರ್ಚಿನೊಳಗೆ ಬ್ಯಾಂಕಿನ ಕಮಿಷನ್ ಸೇರಿರುತ್ತದೆ, ನೀವು ಇಟ್ಟುಕೊಂಡಿರುವಷ್ಟೂ ವರ್ಷ. ಅದೇ ಸ್ಕೀಮಿನ ಡೈರೆಕ್ಟ್ ಪ್ಲಾನ್ 2013ರಿಂದ ಇದೆ, ಅದರಲ್ಲಿ ಕಮಿಷನ್ ಇಲ್ಲ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ: ಡೈರೆಕ್ಟ್ ವರ್ಷಕ್ಕೆ ಶೇ. 11 ಕೊಟ್ಟರೆ, ಖರ್ಚು ಶೇ. 0.8 ಜಾಸ್ತಿ ಇರುವ ರೆಗ್ಯುಲರ್ 10.2 ಕೊಡುತ್ತದೆ. ನಾಲ್ಕು ಲಕ್ಷ ಹನ್ನೆರಡು ವರ್ಷದಲ್ಲಿ ಒಂದರಲ್ಲಿ ಸುಮಾರು 14 ಲಕ್ಷ, ಇನ್ನೊಂದರಲ್ಲಿ 12.8 ಲಕ್ಷ. ಇದನ್ನು ತಿಳಿದೂ ಬ್ಯಾಂಕಿನ ಮೂಲಕವೇ ಮಾಡುವವರಿದ್ದಾರೆ. ಕೆವೈಸಿ, ನಾಮಿನಿ, ವಿಳಾಸ ಬದಲಾವಣೆ, ನಾಳೆ ನಾವಿಲ್ಲದಿದ್ದರೆ ಮನೆಯವರಿಗೆ ಹೇಳಿಕೊಡುವವರು ಒಬ್ಬರಿರಲಿ ಅಂತ. ಆ ಮೇಜಿನಲ್ಲಿ ಅಂಥ ಸಹಾಯ ನಿಜವಾಗಿಯೂ ಸಿಗುತ್ತದೆ ಅಂತಾದರೆ ಅದು ಒಪ್ಪತಕ್ಕ ಬೆಲೆಯೇ. ಮಗ ಮಗಳು ಮೊಬೈಲಿನಲ್ಲಿ ಮಾಡಿಕೊಡುವ ಮನೆಗಳಲ್ಲಿ ಡೈರೆಕ್ಟ್ ಸಾಕು.

ಯಾವ ದಾರಿಯಾದರೂ ಕರಪತ್ರ ನೋಡಿ ಸಹಿ ಹಾಕಬೇಡಿ. ಕರಪತ್ರದಲ್ಲಿರುವುದು ಬಗೆಯ ಹೆಸರು, ನೀವು ಕೊಳ್ಳುವುದು ಒಂದು ಸ್ಕೀಮು. ಆ ಸ್ಕೀಮಿನ ಪೂರ್ತಿ ಹೆಸರು ಬರೆಸಿಕೊಂಡು, ಫಂಡ್ ಕಂಪನಿಯ ವೆಬ್‌ಸೈಟಿನಿಂದ ಈ ತಿಂಗಳ ಫ್ಯಾಕ್ಟ್‌ಶೀಟ್ ತೆಗೆಯಿರಿ. ಹೈಬ್ರಿಡ್ ಆದರೆ ನೆಟ್ ಈಕ್ವಿಟಿ ಮತ್ತು ರಿಸ್ಕೋಮೀಟರ್ ನೋಡಿ. ಡೆಟ್ ಆದರೆ ಚೌಕದ ಅಕ್ಷರ ಮತ್ತು ಅಂಕಿ ನೋಡಿ. ಎರಡಕ್ಕೂ ಎಕ್ಸಿಟ್ ಲೋಡ್, ಅಂದರೆ ಬೇಗ ತೆಗೆದರೆ ಆಗುವ ಕಡಿತ, ಎಷ್ಟು ದಿನದವರೆಗೆ ಅಂತ ನೋಡಿ. ಅರ್ಜಿಯಲ್ಲಿ "ಗ್ರೋತ್" ಮತ್ತು "ಐಡಿಸಿಡಬ್ಲ್ಯು" ಅಂತ ಎರಡು ಆಯ್ಕೆ ಇರುತ್ತದೆ. ಎರಡನೆಯದರಲ್ಲಿ ಆಗಾಗ ಬರುವ ದುಡ್ಡು ಬಡ್ಡಿಯಲ್ಲ. ಅದು ನಿಮ್ಮ ಫಂಡಿನಿಂದಲೇ ತೆಗೆದು ಕೊಡುವುದು, ಕೊಟ್ಟಷ್ಟು ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ, ಇಳಿಯುತ್ತದೆ. ಮುಪ್ಪಿನ ದುಡ್ಡಿಗೆ ಆ ಜೋಡಿ ಗ್ರೋತ್‌ಗೆ ಟಿಕ್ ಹಾಕಿದರು. ಮೂರೂ ಅರ್ಜಿಯಲ್ಲಿ ಒಬ್ಬರಿಗೊಬ್ಬರು ನಾಮಿನಿ.